ಮದುವೆಗೆ ಹೋಗಲಾಗಲಿಲ್ಲ: ಗೆಳತಿಗೆ ತಡವಾಗಿ ಕ್ಷಮೆ ಕೇಳುವ, ಉಡುಗೊರೆ ಕಳಿಸುವ ಕ್ರಮ

ಮದುವೆಯ ತಿಂಗಳುಗಳು ಮುಗಿದು ಮಲೆನಾಡಿಗೆ ಮಳೆ ಹಿಡಿಯುವ ಹೊತ್ತಿಗೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹತ್ತಿರದ ಗೆಳತಿಯ ಮದುವೆಗೆ ಹೋಗಲಾಗಲಿಲ್ಲ, ಆಮೇಲೆ ಸಂಕೋಚದಿಂದ ಫೋನೂ ಮಾಡಲಿಲ್ಲ, ಈಗ ಏನು ಬರೆಯಲಿ, ಏನು ಕಳಿಸಲಿ, ಹೇಗೆ ಕಳಿಸಲಿ? ಒಂದು ಉದಾಹರಣೆಯನ್ನೇ ಹಿಡಿದು ಮೊದಲಿನಿಂದ ಕೊನೆಯವರೆಗೆ ನೋಡೋಣ.

ನೀವು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೀರಿ. ಗೆಳತಿಯ ಹೆಸರು ಸುಮಾ ಎಂದಿಟ್ಟುಕೊಳ್ಳಿ. ತವರು ಸಾಗರ, ಗಂಡ ಪ್ರಶಾಂತನ ಮನೆ ತೀರ್ಥಹಳ್ಳಿ ತಾಲೂಕಿನ ಒಂದು ಹಳ್ಳಿ. ಮದುವೆ ಆದದ್ದು ಮೇ ಕೊನೆಯ ವಾರ, ಈಗ ಜುಲೈ ನಡುವಿನಲ್ಲಿದ್ದೇವೆ. ಗೆಳೆಯನಿಗೆ ಬರೆಯುವವರಿಗೂ ಕ್ರಮ ಇದೇ.

ಶುರು ಮಾಡುವ ಮುಂಚೆ ಒಂದು ಮಾತು. ಹೆಚ್ಚಿನವರು ಮೊದಲು ಉಡುಗೊರೆ ಹುಡುಕುತ್ತಾರೆ, ಅದು ಸಿಕ್ಕಿದ ಮೇಲೆ ಅದರ ಜೊತೆಗೇ ಕ್ಷಮೆಯ ಚೀಟಿ ಇಟ್ಟು ಕಳಿಸೋಣ ಎಂದುಕೊಳ್ಳುತ್ತಾರೆ. ಹುಡುಕುವುದರಲ್ಲಿ ಇನ್ನೊಂದು ತಿಂಗಳು ಹೋಗುತ್ತದೆ. ಕೊನೆಗೆ ಪಾರ್ಸೆಲ್ ತಲುಪಿದಾಗಲೂ ವಸ್ತು ಕೊಟ್ಟು ಬಾಯಿ ಮುಚ್ಚಿಸಿದ ಹಾಗೆ ಕಾಣುತ್ತದೆ. ಸಂದೇಶ ಮೊದಲು, ಇವತ್ತೇ ಹೋಗಲಿ. ಉಡುಗೊರೆ ಆಮೇಲೆ, ಬೇರೆಯಾಗಿ ಹೋಗಲಿ.

1. ನಿಮ್ಮ ತಪ್ಪು ಯಾವುದು ಎಂದು ಬಿಡಿಸಿ ನೋಡಿ

ಇಲ್ಲಿ ತಪ್ಪು ಒಂದಲ್ಲ, ಎರಡು. ಮದುವೆಗೆ ಹೋಗದಿದ್ದದ್ದು ಒಂದು, ಆಮೇಲೆ ಒಂದೂವರೆ ತಿಂಗಳು ಸುಮ್ಮನಿದ್ದದ್ದು ಇನ್ನೊಂದು. ರಜೆ ಸಿಗಲಿಲ್ಲ, ಪರೀಕ್ಷೆ ಇತ್ತು ಎಂದರೆ ಮದುವೆ ಮನೆಯವರು ಅರ್ಥ ಮಾಡಿಕೊಳ್ಳುತ್ತಾರೆ. ಬರುವುದಿಲ್ಲ ಎಂದು ಮುಂಚೆ ಹೇಳದಿದ್ದದ್ದು, ಆಮೇಲೆ ವಿಚಾರಿಸದಿದ್ದದ್ದು ಹೆಚ್ಚು ನೋಯಿಸುತ್ತದೆ. ನಿಮ್ಮ ಸಂದೇಶ ಮೊದಲನೆಯದನ್ನು ಮಾತ್ರ ಹೇಳಿದರೆ ಅವಳ ಮನಸ್ಸಿನಲ್ಲಿರುವುದನ್ನು ಮುಟ್ಟುವುದೇ ಇಲ್ಲ.

ಕಾರಣ ಏನೇ ಇರಲಿ, ಒಂದು ವಾಕ್ಯದಲ್ಲಿ ಮುಗಿಸಿ. ಸುಳ್ಳು ಕಾರಣ ಬೇಡವೇ ಬೇಡ. ಶಿವಮೊಗ್ಗ, ಸಾಗರದಂಥ ಊರಿನಲ್ಲಿ ಅದೇ ವಾರ ನೀವು ಎಲ್ಲಿದ್ದಿರಿ ಎಂಬುದು ಯಾರದೋ ಸ್ಟೇಟಸ್ಸಿನಿಂದಲೋ, ಯಾರದೋ ತಮ್ಮನಿಂದಲೋ ಗೊತ್ತಾಗಿಯೇ ಆಗುತ್ತದೆ. ಗಟ್ಟಿ ಕಾರಣವೇ ಇಲ್ಲದಿದ್ದರೆ ‘ಬರಬಹುದಿತ್ತು, ಮನಸ್ಸು ಮಾಡಲಿಲ್ಲ’ ಎಂದು ಬರೆಯುವುದು ಕಷ್ಟ, ಆದರೆ ಕಟ್ಟಿದ ಕತೆಗಿಂತ ಬೇಗ ಮನಸ್ಸಿಗೆ ಹೋಗುತ್ತದೆ.

ಮನೆಯಲ್ಲಿ ಸಾವಾಗಿ ಸೂತಕವಿದ್ದರೆ ವಿಷಯ ಬೇರೆ. ಸೂತಕದಲ್ಲಿರುವವರು ಮಂಗಳಕಾರ್ಯಕ್ಕೆ ಹೋಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಅಲ್ಲಿ ತಪ್ಪೊಪ್ಪಿಗೆ ಬೇಕಿಲ್ಲ. ‘ಮನೆಯಲ್ಲಿ ಸೂತಕವಿತ್ತು, ಶುಭದ ಹೊತ್ತಲ್ಲಿ ಹೇಳಬಾರದೆಂದು ಸುಮ್ಮನಿದ್ದೆ’ ಎಂದರೆ ಸಾಕು. ಆಸ್ಪತ್ರೆಯ ವಿವರ, ಕೊನೆಯ ದಿನಗಳ ವಿವರ ಈ ಸಂದೇಶದಲ್ಲಿ ಬೇಡ. ಉಡುಗೊರೆಯನ್ನು ಸೂತಕ ಕಳೆದ ಮೇಲೆ ಕಳಿಸಿ. ಹಿರಿಯರಿರುವ ಮನೆಗಳಲ್ಲಿ ಅದನ್ನು ಈಗಲೂ ಗಮನಿಸುತ್ತಾರೆ.

2. ಸಂದೇಶ ಬರೆಯಿರಿ

ಮೊದಲು ಹೇಗೆ ಬರೆಯಬಾರದು ಎಂದು ನೋಡೋಣ. ಜನ ಸಾಮಾನ್ಯವಾಗಿ ಕಳಿಸುವುದು ಇಂಥದ್ದು:

> ಹಾಯ್ ಸುಮಾ, ತುಂಬಾ ತುಂಬಾ ಸಾರಿ ಕಣೇ. ನಿಂಗೊತ್ತಲ್ಲ ನನ್ನ ಕೆಲಸ ಹೇಗೆ ಅಂತ, ಆ ವಾರ ಉಸಿರಾಡಕ್ಕೂ ಟೈಮಿರ್ಲಿಲ್ಲ. ಬಸ್ ಟಿಕೆಟ್ಟೂ ಸಿಗಲಿಲ್ಲ, ಮೇಲಿಂದ ಜ್ವರ ಬೇರೆ. ನಿಂಗೆ ಬೇಜಾರಾಗಿದ್ರೆ ಸಾರಿ. ಕೋಪ ಇಲ್ಲ ಅಂತ ಒಂದ್ಸಲ ಹೇಳು, ಇಲ್ಲಾಂದ್ರೆ ನಂಗೆ ನಿದ್ದೆನೇ ಬರಲ್ಲ. ಒಂದು ಸೂಪರ್ ಗಿಫ್ಟ್ ಕಳಿಸ್ತಿದೀನಿ, ಎಲ್ಲ ಮರೆತುಬಿಡು!

ಇದರಲ್ಲಿ ಕಾರಣ ಮೂರಿವೆ. ಒಂದಿದ್ದರೆ ನಂಬಬಹುದಿತ್ತು, ಮೂರಾದಾಗ ಮೂರನ್ನೂ ನಂಬುವುದಿಲ್ಲ. ‘ಬೇಜಾರಾಗಿದ್ರೆ’ ಎಂದ ಕೂಡಲೇ ತಪ್ಪು ನಿಮ್ಮ ಕೈಯಿಂದ ಜಾರಿ ಅವಳ ಬೇಜಾರಿನ ಮೇಲೆ ಹೋಯಿತು. ಕೋಪ ಇಲ್ಲ ಎಂದು ಹೇಳು ಎನ್ನುವುದು ಹೊಸ ಮನೆಗೆ ಹೊಂದಿಕೊಳ್ಳುತ್ತಿರುವ ಅವಳ ತಲೆಗೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸವನ್ನೂ ಕಟ್ಟಿದ ಹಾಗೆ. ಕೊನೆಯ ಸಾಲಿನಲ್ಲಿ ಉಡುಗೊರೆ ಲಂಚವಾಯಿತು. ಗಂಡನ ಹೆಸರಂತೂ ಎಲ್ಲೂ ಇಲ್ಲ.

ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಅವರ ಸಂಗಡಿಗರು ಕ್ಷಮೆ ಕೇಳುವ ಮಾತಿನ ಆರು ಭಾಗಗಳನ್ನು ಬೇರೆ ಮಾಡಿ ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಕೇಳುವವರಿಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ‘ಇದು ನನ್ನ ತಪ್ಪು’ ಎಂದು ಒಪ್ಪಿಕೊಳ್ಳುವುದು, ಅದರ ನಂತರ ಆದದ್ದನ್ನು ಸರಿಪಡಿಸಲು ಮುಂದಾಗುವುದು. ‘ನನ್ನನ್ನು ಕ್ಷಮಿಸಿಬಿಡು’ ಎಂದು ಬೇಡುವುದು ಕೊನೆಯ ಸ್ಥಾನದಲ್ಲಿತ್ತು. ನಮ್ಮ ಸಂದೇಶದ ಸಾಲುಗಳಿಗೂ ಅದೇ ಅನುಕ್ರಮ ಹೊಂದುತ್ತದೆ:

> ಸುಮಾ, ನಿನ್ನ ಮದುವೆಗೆ ಬರಲಿಲ್ಲ. ಆಮೇಲೆ ಒಂದೂವರೆ ತಿಂಗಳು ಒಂದು ಫೋನೂ ಮಾಡಲಿಲ್ಲ. ಎರಡೂ ನನ್ನ ತಪ್ಪೇ. ಆ ವಾರ ಆಫೀಸಲ್ಲಿ ರಜೆ ಸಿಗಲಿಲ್ಲ, ಆದ್ರೆ ಅದನ್ನ ನಿಂಗೆ ಮುಂಚೆನೇ ಹೇಳ್ಬೇಕಿತ್ತು. ಆಮೇಲೆ ಏನಂತ ಮಾತಾಡ್ಲಿ ಅಂತ ಗೊತ್ತಾಗದೆ ದಿನ ತಳ್ತಾ ಹೋದೆ. ಧಾರೆ ಹೊತ್ತಿಗೆ ನೀನು ನನ್ನ ಪಕ್ಕದಲ್ಲೇ ಇರ್ಬೇಕು ಅಂತ ಹಾಸ್ಟೆಲಲ್ಲಿ ಹೇಳಿದ್ದು ನೆನಪಿದೆ ಮಾರಾಯ್ತಿ. ಕ್ಷಮಿಸು. ಧಾರೆಯ ಫೋಟೋ ನೋಡಿದೆ, ನಿನ್ನ ಹಿಂದೆ ನಿಂತು ಅಮ್ಮ ಕಣ್ಣು ಒರೆಸಿಕೊಳ್ತಿದ್ರು. ನಿಂಗೂ ಪ್ರಶಾಂತ್ ಅವ್ರಿಗೂ ಒಳ್ಳೇದಾಗ್ಲಿ. ಇದಕ್ಕೆ ಉತ್ತರ ಬರೀಲೇಬೇಕು ಅಂತಿಲ್ಲ. ಭಾನುವಾರ ಸಂಜೆ ಫೋನ್ ಮಾಡ್ತೀನಿ, ಆಗದಿದ್ರೆ ಇನ್ನೊಂದಿನ ಮಾತಾಡೋಣ.

ಇದನ್ನು ಹಾಗೇ ನಕಲು ಮಾಡಬೇಡಿ. ಹಾಸ್ಟೆಲಿನ ಸಾಲು, ಫೋಟೋದ ಸಾಲು ನಿಮ್ಮಿಬ್ಬರದೇ ಆಗಿರಬೇಕು. ಆ ಎರಡು ಸಾಲುಗಳಿಂದಲೇ ಸಂದೇಶ ಅವಳಿಗೆಂದೇ ಬರೆದದ್ದು ಎಂದು ಗೊತ್ತಾಗುವುದು. ಫೋಟೋ ನೋಡದೆ ‘ಫೋಟೋ ಸೂಪರ್’ ಎನ್ನುವುದಕ್ಕಿಂತ ಒಂದು ಫೋಟೋದಲ್ಲಿ ಕಂಡದ್ದನ್ನು ಹೇಳಿ. ನೀವು ಎಷ್ಟು ಬಹುವಚನದಲ್ಲಿ ಮಾತಾಡಿಕೊಳ್ಳುತ್ತೀರೋ ಅಷ್ಟೇ ಇರಲಿ. ದಿನಾ ‘ಕಣೇ’ ಎನ್ನುವವರು ಏಕಾಏಕಿ ‘ತಾವು’ ಎಂದರೆ ಅದು ಲಗ್ನಪತ್ರಿಕೆಯ ಭಾಷೆಯಾಗುತ್ತದೆ. ಉಡುಗೊರೆಯ ಸುದ್ದಿ ಇಲ್ಲಿ ಬೇಡ.

3. ಯಾವಾಗ, ಹೇಗೆ ಕಳಿಸುವುದು

ಅವಳಿಗೊಬ್ಬಳಿಗೇ ಕಳಿಸಿ. ಕಾಲೇಜಿನ ಗುಂಪಿನಲ್ಲಿ ಹಾಕಿದರೆ ಉಳಿದವರೆಲ್ಲ ‘ಪಾಪ ಬಿಡೇ’ ಎಂದು ಅವಳ ಪರವಾಗಿ ನಿಮ್ಮನ್ನು ಕ್ಷಮಿಸಿಬಿಡುತ್ತಾರೆ, ಅವಳಿಗೆ ಮಾತಾಡಲು ಜಾಗವೇ ಇರುವುದಿಲ್ಲ. ಮದುವೆಯ ಫೋಟೋದ ಕೆಳಗೂ ಬರೆಯಬೇಡಿ, ಅದನ್ನು ಅತ್ತೆಮನೆಯವರೂ ಓದುತ್ತಾರೆ.

ಧ್ವನಿ ಸಂದೇಶಕ್ಕಿಂತ ಅಕ್ಷರ ಒಳ್ಳೆಯದು. ಮಳೆಗಾಲದಲ್ಲಿ ಘಟ್ಟದ ಬದಿಯ ಹಳ್ಳಿಗಳಲ್ಲಿ ಗಾಳಿಗೆ ಲೈನ್ ಬಿದ್ದರೆ ಕರೆಂಟಿಲ್ಲ, ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದರೆ ನೆಟ್‌ವರ್ಕೂ ಇಲ್ಲ. ಸ್ವಲ್ಪ ಸಿಗ್ನಲ್ ಬಂದಾಗ ಅಕ್ಷರ ತಲುಪುತ್ತದೆ, ಧ್ವನಿಯ ಫೈಲು ಸುತ್ತುತ್ತಲೇ ಇರುತ್ತದೆ.

ಇದೇ ಕಾರಣಕ್ಕೆ ವಾಟ್ಸಾಪಿನಲ್ಲಿ ಎರಡು ಮೂರು ದಿನ ಒಂದೇ ಟಿಕ್ ಇದ್ದರೆ ಅವಳು ನಿಮ್ಮನ್ನು ಬ್ಲಾಕ್ ಮಾಡಿದ್ದಾಳೆ ಎಂದುಕೊಳ್ಳಬೇಡಿ. ಒಂದು ಟಿಕ್ ಎಂದರೆ ಅವಳ ಫೋನಿಗೆ ಇನ್ನೂ ತಲುಪಿಲ್ಲ ಎಂದು. ಆ ಹೊತ್ತಿನಲ್ಲಿ ‘ಯಾಕೆ ರಿಪ್ಲೈ ಇಲ್ಲ’ ಎಂದು ಮೇಲಿಂದ ಮೇಲೆ ಕಳಿಸಿದರೆ ಸಿಗ್ನಲ್ ಬಂದಾಗ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತವೆ. ನಾಲ್ಕು ದಿನವಾದರೂ ಒಂದೇ ಟಿಕ್ ಇದ್ದರೆ ಅದೇ ಮಾತನ್ನು ಸಾಮಾನ್ಯ ಎಸ್ಸೆಮ್ಮೆಸ್ಸಿನಲ್ಲಿ ಕಳಿಸಿ. ಅದಕ್ಕೆ ಇಂಟರ್ನೆಟ್ ಬೇಡ.

4. ವಿಳಾಸ ತಿಳಿದುಕೊಳ್ಳಿ

ಕೆಲಸ ಹೆಚ್ಚು ಕೆಡುವುದು ಇಲ್ಲೇ. ಮದುವೆಯಾದ ಹೆಣ್ಣಿನ ವಿಳಾಸ ಮೊದಲ ವರ್ಷ ಒಂದೇ ಕಡೆ ನಿಲ್ಲುವುದಿಲ್ಲ. ಜುಲೈ ಎಂದರೆ ಸಾಮಾನ್ಯವಾಗಿ ಆಷಾಢ. ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಮನೆಯಲ್ಲಿರಬಾರದೆಂದು ಸೊಸೆಯನ್ನು ತವರಿಗೆ ಕಳಿಸುವ ಪದ್ಧತಿ ಅನೇಕ ಮನೆಗಳಲ್ಲಿ ಇನ್ನೂ ಇದೆ. ನೀವು ತೀರ್ಥಹಳ್ಳಿಯ ವಿಳಾಸಕ್ಕೆ ಕಳಿಸಿದ್ದನ್ನು ಅತ್ತೆ ತೆಗೆದುಕೊಂಡು ಎತ್ತಿಡುತ್ತಾರೆ, ಸುಮಾ ಸಾಗರದಲ್ಲಿರುತ್ತಾಳೆ. ಉದ್ಯೋಗಕ್ಕೆ ಹೋಗುವವರು ಗಂಡನ ಜೊತೆ ಬೇರೆ ಊರಿನಲ್ಲೇ ಇರಬಹುದು. ಆದ್ದರಿಂದ ಸುಮಾಳ ಅಮ್ಮನಿಗೆ ಫೋನ್ ಮಾಡಿ. ‘ಅಮ್ಮಾ, ಮದುವೆಗೆ ಬರಕ್ಕಾಗ್ಲಿಲ್ಲ, ತಪ್ಪಾಯ್ತು. ಸುಮಾ ಮುಂದಿನ ತಿಂಗಳು ಎಲ್ಲಿರ್ತಾಳೆ?’ ಎಂದು ಕೇಳಿ. ಲಗ್ನಪತ್ರಿಕೆ ಕೊಟ್ಟು ಕರೆದವರು ಅವರು. ಅವರಿಗೂ ಒಂದು ಮಾತು ಹೇಳಬೇಕಾದದ್ದೇ.

ಹಳ್ಳಿಯ ವಿಳಾಸ ಬರೆಯುವಾಗ ‘ಶ್ರೀಮತಿ ಸುಮಾ’ ಎಂದಷ್ಟೇ ಬರೆದರೆ ಆಗುವುದಿಲ್ಲ. ಆ ಊರಿನ ಅಂಚೆಯವರಿಗೆ ಹೊಸ ಸೊಸೆಯ ಹೆಸರು ಇನ್ನೂ ಗೊತ್ತಿರುವುದಿಲ್ಲ. ಮಾವನ ಹೆಸರು ಗೊತ್ತು, ಮನೆಯ ಹೆಸರು ಗೊತ್ತು. ಸುಮಾಳ ಹೆಸರಿನ ಕೆಳಗೆ ಕೇರ್ ಆಫ್ ಎಂದು ಮಾವನ ಪೂರ್ಣ ಹೆಸರು, ಮನೆಯ ಹೆಸರು, ಹಳ್ಳಿ, ಅಂಚೆ ಕಚೇರಿ ಇರುವ ಊರು, ತಾಲೂಕು, ಜಿಲ್ಲೆ, ಪಿನ್ ಬರೆಯಿರಿ. ಹಳ್ಳಿ ಬೇರೆ, ಅಂಚೆ ಬೇರೆ ಇರುವುದು ಮಲೆನಾಡಿನಲ್ಲಿ ಮಾಮೂಲು. ತೀರ್ಥಹಳ್ಳಿ ಪೇಟೆಯ ಪಿನ್ 577432, ಸಾಗರದ್ದು 577401. ಆದರೆ ಆ ತಾಲೂಕುಗಳ ಹಳ್ಳಿಗಳಿಗೆ ಬೇರೆ ಪಿನ್‌ಗಳೂ ಇವೆ, ಪೇಟೆಯದನ್ನೇ ಊಹಿಸಿ ಹಾಕಬೇಡಿ. ಎರಡು ಫೋನ್ ನಂಬರ್ ಕೊಡಿ, ಒಂದು ಅವಳದು, ಒಂದು ಮನೆಯಲ್ಲೇ ಇರುವ ಹಿರಿಯರದು.

5. ಉಡುಗೊರೆ ಆರಿಸಿ

ಮೊದಲು ಲಗ್ನಪತ್ರಿಕೆಯನ್ನು ಹುಡುಕಿ ಕೆಳಗಿನ ಸಾಲು ನೋಡಿ. ‘ಉಡುಗೊರೆ ಸ್ವೀಕರಿಸುವುದಿಲ್ಲ, ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸಿದ್ದರೆ ಹಣ, ಬೆಳ್ಳಿ ಬೇಡ. ಇಬ್ಬರಿಗೂ ಆಗುವ ಚಿಕ್ಕ ವಸ್ತು ಸಾಕು.

ನಿಮ್ಮ ಬಳಗದಲ್ಲಿ ಮುಯ್ಯಿಯ ರೂಢಿ ಇದ್ದರೆ, ಅಂದರೆ ನಿಮ್ಮ ಮನೆಯ ಕಾರ್ಯಕ್ಕೆ ಅವರು ಕೊಟ್ಟ ಹಣವನ್ನು ಅವರ ಮನೆಯ ಕಾರ್ಯಕ್ಕೆ ತಿರುಗಿ ಕೊಡುವ ಲೆಕ್ಕ ಇದ್ದರೆ, ಮೊದಲು ನಿಮ್ಮ ಮನೆಯಲ್ಲಿ ವಿಚಾರಿಸಿ. ಅಪ್ಪನೋ ಅಮ್ಮನೋ ಯಾರ ಕೈಯಲ್ಲಾದರೂ ಆಗಲೇ ಕೊಟ್ಟು ಕಳಿಸಿದ್ದು, ಅದು ಅವರ ಮುಯ್ಯಿ ಪುಸ್ತಕದಲ್ಲಿ ಬರೆದಾಗಿದೆಯೋ ಏನೋ. ಕೊಟ್ಟಿಲ್ಲದಿದ್ದರೆ 501, 1001 ಎಂಬಂತೆ ಒಂದು ರೂಪಾಯಿ ಸೇರಿಸಿ ಯುಪಿಐಯಲ್ಲಿ ಕಳಿಸಬಹುದು, ಟಿಪ್ಪಣಿಯಲ್ಲಿ ‘ಮದುವೆ ಮುಯ್ಯಿ’ ಎಂದು ಹಾಕಿ. ಕ್ಷಮೆಯ ಸಂದೇಶ ಹೋದ ದಿನವೇ ಹಣ ಕಳಿಸಬೇಡಿ, ಎರಡೂ ಒಂದರ ಕೆಳಗೊಂದು ಬಂದರೆ ಬಾಕಿ ತೀರಿಸಿದ ಹಾಗೆ ಕಾಣುತ್ತದೆ. ನೋಟನ್ನು ಸಾಮಾನ್ಯ ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವುದಂತೂ ಕೂಡದು. ಅಂಚೆಯ ನಿಯಮದ ಪ್ರಕಾರ ನೋಟು, ನಾಣ್ಯ ವಿಮೆ ಮಾಡಿಸಿದ ಲಕೋಟೆಯಲ್ಲಿ ಮಾತ್ರ ಹೋಗಬೇಕು.

ವಸ್ತುವೇ ಕೊಡುವುದಾದರೆ, ತಡವಾದ ಉಡುಗೊರೆಗೆ ಒಂದು ಅನುಕೂಲವಿದೆ. ಮದುವೆಯ ದಿನ ಬಂದ ಗಡಿಯಾರ, ದೀಪದ ಕಂಬ, ಡಿನ್ನರ್ ಸೆಟ್ಟುಗಳೆಲ್ಲ ಅಟ್ಟ ಸೇರಿ ಆಗಿರುತ್ತವೆ, ಆ ಸಾಲಿಗೆ ಇನ್ನೊಂದನ್ನು ಸೇರಿಸಬೇಕಿಲ್ಲ. ನಮ್ಮ ಉದಾಹರಣೆಗೆ ನಾನು ಆರಿಸುವುದು ಹಸೆ ಚಿತ್ತಾರ. ಸಾಗರ, ಸೊರಬ ಕಡೆಯ ದೀವರ ಹೆಂಗಸರು ಮದುವೆಗೆಂದು ಮನೆಯ ಗೋಡೆಯ ಮೇಲೆ ಬರೆಯುವ ಚಿತ್ರ ಅದು. ಕೆಮ್ಮಣ್ಣು ಬಳಿದ ಮೇಲೆ ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚದಿಂದ ಎಳೆದ ಗೆರೆ. ಮದುವೆಯ ಗೋಡೆಗೆ ಸೇರಿದ ಚಿತ್ರವಾದ್ದರಿಂದ ತಡವಾಗಿ ಬಂದರೂ ಅದು ಮದುವೆಯ ಉಡುಗೊರೆಯೇ. ಈಗ ಅದನ್ನು ಕಾಗದದ ಮೇಲೆ, ಬಟ್ಟೆಯ ಮೇಲೆ ಬರೆದು ಕೊಡುವವರಿದ್ದಾರೆ. ಅಳತೆ 12×15 ಇಂಚು ಇದ್ದರೆ ಯಾವ ಗೋಡೆಗೂ ಹೊಂದುತ್ತದೆ, ಅಂಚೆಗೂ ಸುಲಭ.

ಬರೆಸುವ ಮುಂಚೆ ಎರಡು ವಿಷಯ ಕೇಳಿ. ಬಣ್ಣ ಮಣ್ಣಿನದೋ, ಅಂಗಡಿಯ ಅಕ್ರಿಲಿಕ್ಕೋ? ಎರಡೂ ಚೆನ್ನಾಗಿರುತ್ತವೆ, ಆದರೆ ಮಣ್ಣಿನ ಬಣ್ಣ ನೀರು ತಾಗಿದರೆ ಬಿಡುತ್ತದೆ, ಪ್ಯಾಕಿಂಗ್ ಅದಕ್ಕೆ ತಕ್ಕಂತೆ ಆಗಬೇಕು. ಕೊಡುವುದು ಯಾವಾಗ? ಮಳೆಗಾಲದಲ್ಲಿ ಬಣ್ಣ ಒಣಗುವುದು ನಿಧಾನ, ಮೂರು ವಾರವಾದರೂ ಕೈಯಲ್ಲಿ ಇಟ್ಟುಕೊಳ್ಳಿ, ಅವಸರ ಮಾಡಿದರೆ ಹಸಿ ಬಣ್ಣ ಕಾಗದಕ್ಕೆ ಅಂಟುತ್ತದೆ. ಹೆಸರು, ತಾರೀಕು ಬರೆಸುವುದಾದರೆ ಲಗ್ನಪತ್ರಿಕೆಯ ಫೋಟೋ ತೆಗೆದು ಕಳಿಸಿ, ಬಾಯಲ್ಲಿ ಹೇಳಬೇಡಿ. ಬರೆಯುವುದೂ ಹಿಂಬದಿಯಲ್ಲಿರಲಿ.

6. ಪ್ಯಾಕ್ ಮಾಡಿ

ಗಾಜಿನ ಚೌಕಟ್ಟು ಹಾಕಿಸಿ ಕಳಿಸಬೇಡಿ. ಒಡೆದ ಗಾಜು ಚಿತ್ರವನ್ನೇ ಗೀರುತ್ತದೆ. ಸುರುಳಿ ಸುತ್ತುವುದೂ ಬೇಡ, ಮಣ್ಣಿನ ಬಣ್ಣ ಬಿರುಕು ಬಿಡುತ್ತದೆ. ಚಪ್ಪಟೆಯಾಗಿಯೇ ಹೋಗಬೇಕು.

ಚಿತ್ರದ ಮೇಲೆ ಮೊದಲು ಬೆಣ್ಣೆ ಕಾಗದ, ಅಂದರೆ ಬಟರ್ ಪೇಪರ್ ಹಾಕಿ. ಪ್ಲಾಸ್ಟಿಕ್ ನೇರವಾಗಿ ತಾಗಿದರೆ ಒಳಗೆ ಬೆವರಿ ಬಣ್ಣ ಎದ್ದುಬರುತ್ತದೆ. ಆಮೇಲೆ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಎರಡು ಸಿಲಿಕಾ ಜೆಲ್ ಪೊಟ್ಟಣ (ತೇವ ಹೀರುವ ಹರಳುಗಳ ಚೀಲ, ಹೊಸ ಚಪ್ಪಲಿ ಡಬ್ಬಿಯಲ್ಲಿ ಇರುತ್ತದಲ್ಲ ಅದೇ) ಹಾಕಿ ಬಾಯಿ ಟೇಪು ಮಾಡಿ. ಪೊಟ್ಟಣಗಳು ಅಂಚಿನಲ್ಲಿರಲಿ, ಚಿತ್ರದ ಮೇಲೆ ಇಟ್ಟರೆ ಗುಬಟು ಮೂಡುತ್ತದೆ. ಒಂದು ವಾರ ಹಳೆಯದಾಗಿ ತೆರೆದಿಟ್ಟ ಪೊಟ್ಟಣ ಆಗಲೇ ತೇವ ಕುಡಿದಿರುತ್ತದೆ, ಹೊಸದನ್ನೇ ತನ್ನಿ. ಇದನ್ನು 14×17 ಇಂಚಿನ ಎರಡು ಹಾರ್ಡ್‌ಬೋರ್ಡ್ ತುಂಡುಗಳ ನಡುವೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಸುತ್ತಿ. ಬೋರ್ಡು ಚಿತ್ರಕ್ಕಿಂತ ಸುತ್ತಲೂ ಒಂದಿಂಚು ದೊಡ್ಡದಿದ್ದರೆ ಮೂಲೆ ಮಡಚಿದರೂ ಚಿತ್ರಕ್ಕೆ ಏನೂ ಆಗುವುದಿಲ್ಲ.

ಹೊರಗಿನ ಹೊದಿಕೆಯ ಮೇಲೆ ವಿಳಾಸವನ್ನು ಅಳಿಸದ ಮಾರ್ಕರಿನಿಂದ ಬರೆದು, ಮೇಲೆ ಪಾರದರ್ಶಕ ಟೇಪು ಹಚ್ಚಿ. ಅದೇ ವಿಳಾಸದ ಇನ್ನೊಂದು ಚೀಟಿ ಒಳಗೂ ಇರಲಿ. ಹೊರಗಿನದು ಮಳೆಗೆ ಕಿತ್ತುಹೋದರೆ ಒಳಗಿನದರಿಂದ ತಲುಪುತ್ತದೆ. ಬೆಲೆಯ ಚೀಟಿ, ಬಿಲ್ಲು ತೆಗೆದಿದ್ದೀರಾ ನೋಡಿ.

ಜೊತೆಗಿಡುವ ಕಾರ್ಡು ಚಿಕ್ಕದಿರಲಿ. ಇಲ್ಲಿ ಮತ್ತೆ ಕ್ಷಮೆ ಕೇಳಬೇಡಿ. ಈ ಕಾರ್ಡನ್ನು ಪ್ರಶಾಂತ, ಅತ್ತೆ, ಮಾವ ಎಲ್ಲರೂ ಓದುತ್ತಾರೆ.

> ಸುಮಾ ಮತ್ತು ಪ್ರಶಾಂತ್ ಅವರಿಗೆ ಮದುವೆಯ ಶುಭಾಶಯಗಳು. ಇದು ಸಾಗರ ಸೀಮೆಯ ಹಸೆ ಚಿತ್ತಾರ. ಬಣ್ಣ ಮಣ್ಣಿನದು, ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಚೌಕಟ್ಟು ಹಾಕಿಸುವಾಗ ಗೋಡೆಗೂ ಅದಕ್ಕೂ ನಡುವೆ ಸ್ವಲ್ಪ ಸಂದು ಬಿಡಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದಿಲ್ಲ.

7. ಕಳಿಸಿ

ಆನ್‌ಲೈನ್ ಅಂಗಡಿಯಿಂದ ನೇರವಾಗಿ ಅವಳ ವಿಳಾಸಕ್ಕೆ ಹಾಕಿಸಿದರೆ ಕಾರ್ಡಿನಲ್ಲಿ ನಿಮ್ಮ ಮಾತು ಅರ್ಧಕ್ಕೆ ತುಂಡಾಗಬಹುದು, ಯಾರು ಕಳಿಸಿದ್ದೆಂದೇ ತಿಳಿಯದಿರಬಹುದು. ಮೊದಲು ನಿಮ್ಮ ಕೈಗೆ ಬರಲಿ. ಖಾಸಗಿ ಕೊರಿಯರ್‌ಗಳಲ್ಲಿ ಅನೇಕವು ತಾಲೂಕು ಪೇಟೆಯವರೆಗೆ ಬಂದು, ಅಲ್ಲಿಂದ ‘ಬಂದು ತಗೊಂಡು ಹೋಗಿ’ ಎಂದು ಫೋನ್ ಮಾಡುತ್ತವೆ. ಸಿಗ್ನಲ್ ಇಲ್ಲದ ಮನೆಗೆ ಆ ಫೋನ್ ಸೇರುವುದಿಲ್ಲ, ಪಾರ್ಸೆಲ್ ಹಿಂದಿರುಗುತ್ತದೆ. ಹಳ್ಳಿಯ ವಿಳಾಸಕ್ಕೆ ಸ್ಪೀಡ್ ಪೋಸ್ಟೇ ಸರಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನಲ್ಲೇ ಸೇರಿಸಿದ್ದಾರೆ, ಆದ್ದರಿಂದ ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಎಂದೇ ಕೇಳಿ.

ರಸೀದಿಯಲ್ಲಿ ಎರಡು ಇಂಗ್ಲಿಷ್ ಅಕ್ಷರ, ಒಂಬತ್ತು ಅಂಕಿ, ಕೊನೆಗೆ IN ಎಂದಿರುವ ಸಂಖ್ಯೆ ಇರುತ್ತದೆ. ಅದನ್ನು indiapost.gov.in ತಾಣದಲ್ಲಿ ಹಾಕಿದರೆ ಪಾರ್ಸೆಲ್ ಎಲ್ಲಿದೆ ಎಂದು ಕಾಣುತ್ತದೆ. ಒಂದೇ ಅಂಚೆ ಕಚೇರಿಯ ಹೆಸರು ಮೂರು ದಿನ ಹಾಗೇ ನಿಂತಿದ್ದರೆ ವಿಳಾಸ ಸಿಕ್ಕದಿರಬಹುದು, ಮನೆಗೆ ಬೀಗ ಇದ್ದಿರಬಹುದು. ಆಗ ಸುಮಾಳಿಗಲ್ಲ, ಅವಳ ಮಾವನ ನಂಬರಿಗೆ ಫೋನ್ ಮಾಡಿ ಅಂಚೆಯವರನ್ನು ವಿಚಾರಿಸಲು ಹೇಳಿ. ಊರಿನ ಅಂಚೆಯವರು ಅವರಿಗೆ ಪರಿಚಯ.

8. ಆಮೇಲೆ

‘ಪರವಾಗಿಲ್ಲ ಬಿಡು’ ಎಂದು ಎರಡು ಪದದ ಉತ್ತರ ಬಂದರೆ ಅದು ಪೂರ್ತಿ ಪರವಾಗಿಲ್ಲ ಎಂದಲ್ಲ. ಮತ್ತೆ ಕ್ಷಮೆ ಕೇಳಲು ಹೋಗಬೇಡಿ. ಹೇಳಿದ ಭಾನುವಾರ ಹೇಳಿದ ಹೊತ್ತಿಗೆ ಫೋನ್ ಮಾಡಿ, ಮದುವೆ ಹೇಗಾಯಿತು ಎಂದು ಕೇಳಿ, ಅವಳು ಮಾತಾಡಲಿ. ಬೈದರೆ ಬೈಸಿಕೊಳ್ಳಿ, ನಡುವೆ ಬಾಯಿ ಹಾಕಿ ರಜೆಯ ಕತೆ ಶುರು ಮಾಡಬೇಡಿ.

ಉಡುಗೊರೆ ತಲುಪಿತೆಂದು ತಾಣದಲ್ಲಿ ಕಂಡು ಒಂದು ವಾರವಾದರೂ ಸುದ್ದಿ ಇಲ್ಲದಿದ್ದರೆ ‘ಪಾರ್ಸೆಲ್ ನೆನೆಯದೆ ಬಂತಾ?’ ಎಂದು ಒಂದು ಸಲ ಕೇಳಬಹುದು. ಇಷ್ಟವಾಯಿತಾ ಎಂದು ಕೇಳಬೇಡಿ.

‘ಮನೆಗೆ ಬರ್ತೀನಿ’ ಎನ್ನುವುದಾದರೆ ತಾರೀಕು ಇಟ್ಟೇ ಹೇಳಿ. ಮೊದಲ ದೀಪಾವಳಿಗೆ ಮಗಳು ಅಳಿಯ ತವರಿಗೆ ಬರುತ್ತಾರೆ. ಆಗ ಸಾಗರದಲ್ಲಿ ಇಬ್ಬರೂ ಸಿಗುತ್ತಾರೆ, ಅಮ್ಮನೂ ಇರುತ್ತಾರೆ, ಮಳೆಯೂ ಬಿಟ್ಟಿರುತ್ತದೆ. ಹಬ್ಬದ ದಿನವೇ ಹೋಗಬೇಡಿ, ಮನೆ ತುಂಬ ನೆಂಟರಿರುತ್ತಾರೆ. ಹಬ್ಬ ಕಳೆದ ಮರುದಿನ ಬೆಳಗ್ಗೆ ಹತ್ತರ ಮೇಲೆ ಹೂವು, ಹಣ್ಣು ಹಿಡಿದು ಹೋಗಿ, ಊಟಕ್ಕೆ ನಿಲ್ಲುತ್ತೀರೋ ಇಲ್ಲವೋ ಎಂದು ಅಮ್ಮನಿಗೆ ಹಿಂದಿನ ದಿನವೇ ಹೇಳಿಬಿಡಿ.